ಮೂವತ್ತಾರು ಫೋಟೊ, ಒಂದೇ ಬಿದರಿ ಕಪ್ಪು: ಸೀಡ್, ಗೈಡೆನ್ಸ್ ಸ್ಕೇಲ್, ಪ್ರಾಂಪ್ಟ್ ತೂಕ

ಚಿತ್ರ ಮಾಡಿಕೊಡುವ ಎಐ ಆದ ಸ್ಟೇಬಲ್ ಡಿಫ್ಯೂಷನ್‌ನಲ್ಲಿ ಒಂದು ಫೋಟೊವನ್ನು ಬೇರೆ ಶೈಲಿಗೆ ತರುವುದು ಈಗ ದೊಡ್ಡ ಕೆಲಸ ಅಲ್ಲ. ಮೂವತ್ತಾರು ಫೋಟೊ ಒಟ್ಟಿಗೆ ಹಾಕಿ, ಎಲ್ಲವೂ ಒಬ್ಬನೇ ಕೂತು ಮಾಡಿದ ಹಾಗೆ ಕಾಣಬೇಕು ಅಂದಾಗ ತಲೆನೋವು ಶುರುವಾಗುತ್ತದೆ. ಕಲಬುರಗಿಯಲ್ಲಿ ಸ್ಟುಡಿಯೊ ನಡೆಸುವ ಗೆಳೆಯನೊಬ್ಬ ಇಂಥದ್ದೇ ಕೆಲಸ ಹಿಡಿದಿದ್ದ. ಬೀದರಿನ ಹಳೆಯ ಕಟ್ಟಡಗಳ ಕ್ಯಾಲೆಂಡರ್. ಹನ್ನೆರಡು ಪುಟ, ಪುಟಕ್ಕೆ ಮೂರು ಚಿತ್ರ. ರಂಗೀನ್ ಮಹಲ್, ಸೋಲಾ ಖಂಬ ಮಸೀದಿ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಬಹಮನಿ ಗುಮ್ಮಟಗಳು, ಚೌಖಂಡಿ, ಎಲ್ಲ ಇವೆ. ಎಲ್ಲವೂ ಬಿದರಿ ಕೆಲಸದ ಹಾಗೆ ಕಾಣಬೇಕು: ಅಚ್ಚ ಕಪ್ಪು ನೆಲ, ಅದರ ಮೇಲೆ ಬೆಳ್ಳಿ ತಂತಿಯ ಗೆರೆ.

ಅವನ ಪ್ರಶ್ನೆ ಇದು: "ಸೀಡ್ ಲಾಕ್ ಮಾಡೀನ್ರಿ ಅಣ್ಣಾ, ಆದ್ರೂ ಒಂದೊಂದ್ ಒಂದೊಂದ್ ಥರ ಬರಲತಾವ್. ಯಾಕ್ರಿ?"

ತುಂಬಾ ಜನ ಕೇಳುವ ಪ್ರಶ್ನೆ ಇದು. ಸೀಡ್ ಒಂದೇ ಇಟ್ಟರೆ ಶೈಲಿಯೂ ಒಂದೇ ಬರುತ್ತದೆ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಆದರೆ ಸೀಡ್‌ನಲ್ಲಿ ಶೈಲಿ ಇರುವುದೇ ಇಲ್ಲ. ಅದು ಮಾಡುವ ಕೆಲಸ ಬೇರೆ, ಮತ್ತು ಆ ಕೆಲಸ ಬಹಳ ಉಪಯೋಗದ್ದು. ಅದನ್ನು ಸರಿಯಾಗಿ ತಿಳಿದರೆ ಉಳಿದ ಎರಡನ್ನು, ಅಂದರೆ ಗೈಡೆನ್ಸ್ ಸ್ಕೇಲ್ ಮತ್ತು ಪ್ರಾಂಪ್ಟ್ ತೂಕವನ್ನು, ಹಿಡಿತಕ್ಕೆ ತರುವುದು ಸುಲಭ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಫೋಟೊದಿಂದ ಫೋಟೊ ಮಾಡುವಾಗ ಮಾಡೆಲ್ ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ನಿಮ್ಮ ಫೋಟೊವನ್ನು ಮೊದಲು ಒಂದು ಚಿಕ್ಕ ಒಳರೂಪಕ್ಕೆ ಇಳಿಸುತ್ತದೆ, ಉದ್ದ ಅಗಲ ಎರಡೂ ಎಂಟನೇ ಒಂದು ಭಾಗಕ್ಕೆ. 768×512 ಇದ್ದ ಫೋಟೊ ಒಳಗೆ 96×64 ಆಗುತ್ತದೆ. ಅದರ ಮೇಲೆ ನಾಯ್ಸ್ ಸುರಿಯುತ್ತದೆ. ಹಳೆಯ ಟಿವಿಯಲ್ಲಿ ಸಿಗ್ನಲ್ ಹೋದಾಗ ಗಿಜಿಗುಡುವ ಚುಕ್ಕೆ ಬರುತ್ತಿತ್ತಲ್ವಾ, ಹಾಗೆ. ಆಮೇಲೆ ಏನು ಬೇಕು ಅಂತ ನೀವು ಬರೆದ ಮಾತನ್ನು, ಅಂದರೆ ನಿಮ್ಮ ಪ್ರಾಂಪ್ಟನ್ನು, ಓದಿಕೊಂಡು ಆ ನಾಯ್ಸ್ ಅನ್ನು ಹಂತ ಹಂತವಾಗಿ ತೆಗೆಯುತ್ತ ಹೋಗುತ್ತದೆ. ಎಷ್ಟು ನಾಯ್ಸ್ ಸುರಿಯಬೇಕು ಅನ್ನುವುದನ್ನು ಡಿನಾಯ್ಸಿಂಗ್ ಸ್ಟ್ರೆಂತ್ ಹೇಳುತ್ತದೆ. 30 ಸ್ಟೆಪ್, ಸ್ಟ್ರೆಂತ್ 0.5 ಇಟ್ಟರೆ ಸಾಮಾನ್ಯವಾಗಿ 15 ಸ್ಟೆಪ್ ಮಾತ್ರ ಓಡುತ್ತದೆ, ಯಾಕೆಂದರೆ ಅರ್ಧ ದಾರಿಯಿಂದ ಶುರುವಾಗಿದೆ.

ಈ ಸ್ಟ್ರೆಂತ್ ನಮ್ಮ ಶೀರ್ಷಿಕೆಯಲ್ಲಿ ಇಲ್ಲ. ಆದರೆ ಉಳಿದ ಮೂರಕ್ಕೆ ಎಷ್ಟು ಬಲ ಸಿಗುತ್ತದೆ ಅನ್ನುವುದು ಇದರ ಮೇಲೆಯೇ ನಿಂತಿದೆ. 0.3 ಇದ್ದಾಗ ಸೀಡ್ ಬದಲಿಸಿದರೂ ಹೆಚ್ಚು ಬದಲಾವಣೆ ಕಾಣುವುದಿಲ್ಲ, ಫೋಟೊವೇ ಗೆಲ್ಲುತ್ತದೆ. 0.8ಕ್ಕೆ ಹೋದರೆ ಫೋಟೊ ಸೋಲುತ್ತದೆ, ಸೀಡ್ ಮತ್ತು ಪ್ರಾಂಪ್ಟ್ ಸೇರಿ ಹೊಸ ಕಟ್ಟಡವನ್ನೇ ಕಟ್ಟಿಬಿಡುತ್ತವೆ. ನಮ್ಮ ಕ್ಯಾಲೆಂಡರಿಗೆ 0.5ರ ಆಸುಪಾಸು ಸರಿ. ಕಮಾನು ಕಮಾನಾಗಿಯೇ ಉಳಿಯಬೇಕು, ಮೇಲ್ಮೈ ಮಾತ್ರ ಬಿದರಿ ಆಗಬೇಕು.

ಈಗ ಸೀಡ್. ಆ ನಾಯ್ಸ್‌ನ ಚುಕ್ಕೆಗಳು ಎಲ್ಲೆಲ್ಲಿ ಹೇಗೆ ಬೀಳಬೇಕು ಅನ್ನುವುದನ್ನು ಠರಾಯಿಸುವ ಒಂದು ಸಂಖ್ಯೆ ಅದು, ಅಷ್ಟೇ. ಅದೇ ಸೀಡ್, ಅದೇ ಅಳತೆ, ಅದೇ ಸಾಫ್ಟ್‌ವೇರ್ ಇದ್ದರೆ ಅದೇ ನಾಯ್ಸ್ ಬರುತ್ತದೆ. 1234 ಮತ್ತು 1235 ಅಕ್ಕಪಕ್ಕದ ಸಂಖ್ಯೆಗಳಾದರೂ ಅವು ಕೊಡುವ ನಾಯ್ಸ್‌ಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲ. ಬೆಳ್ಳಿ ಗೆರೆ ಗೋಡೆಯ ಯಾವ ಭಾಗದಲ್ಲಿ ದಟ್ಟ ಆಗುತ್ತದೆ, ಯಾವ ಮೂಲೆ ಸ್ವಲ್ಪ ಬೆಳಕಾಗುತ್ತದೆ, ಒಟ್ಟು ಬಣ್ಣ ಸ್ವಲ್ಪ ಬೆಚ್ಚಗೆ ವಾಲುತ್ತದೋ ತಣ್ಣಗೆ ವಾಲುತ್ತದೋ, ಇಂಥವು ಸೀಡ್‌ನಿಂದ ಬರುತ್ತವೆ. ಅದಕ್ಕೇ ಬ್ಯಾಚ್‌ನಲ್ಲಿ ಸೀಡ್ ಲಾಕ್ ಮಾಡುವುದು ಒಳ್ಳೆಯದು. ಒಂದು ಏರುಪೇರು ಕಡಿಮೆ ಆಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಎಂದರೆ, ಸೀಡ್ ಅಲುಗಾಡದೆ ನಿಂತರೆ ಉಳಿದ ವ್ಯತ್ಯಾಸ ಯಾವುದರಿಂದ ಬಂತು ಅಂತ ಕಂಡುಹಿಡಿಯಬಹುದು.

ಆದರೆ ಲಾಕ್ ಮಾಡಿದ್ದೇನೆ ಅಂದುಕೊಂಡರೂ ಲಾಕ್ ಆಗದೇ ಇರುವ ಸಂದರ್ಭಗಳಿವೆ. ಗೆಳೆಯನ ಫೋಲ್ಡರ್‌ನಲ್ಲಿ ಅಡ್ಡ ಫೋಟೊಗಳೂ ಇದ್ದವು, ಉದ್ದ ಫೋಟೊಗಳೂ ಇದ್ದವು. ಮದರಸಾದ ಮಿನಾರನ್ನು ಯಾರು ತೆಗೆದರೂ ಕ್ಯಾಮೆರಾ ನಿಲ್ಲಿಸಿಯೇ ತೆಗೆಯುತ್ತಾರೆ. 768×512ಕ್ಕೆ ಒಳಗೆ 96×64 ಮನೆಗಳು, 512×768ಕ್ಕೆ 64×96 ಮನೆಗಳು. ಸೀಡ್ ಒಂದೇ ಇದ್ದರೂ ಸಂಖ್ಯೆಗಳು ಸಾಲು ಸಾಲಾಗಿ ತುಂಬಿಕೊಳ್ಳುವಾಗ ಸಾಲಿನ ಉದ್ದವೇ ಬೇರೆ ಆದ್ದರಿಂದ ಎಲ್ಲವೂ ಬೇರೆ ಜಾಗದಲ್ಲಿ ಕೂರುತ್ತವೆ. ಅಂದರೆ ಉದ್ದ ಫೋಟೊಗಳಿಗೆ ಸಿಕ್ಕಿದ್ದು ಬೇರೆಯದೇ ನಾಯ್ಸ್. ಇದಕ್ಕೆ ಸುಲಭ ದಾರಿ ಎಂದರೆ ಎಲ್ಲ ಫೋಟೊಗಳನ್ನೂ ಒಂದೇ ಅಳತೆಗೆ ಕತ್ತರಿಸುವುದು. ಆಗದಿದ್ದರೆ ಅಡ್ಡದ್ದೇ ಒಂದು ಬ್ಯಾಚ್, ಉದ್ದದ್ದೇ ಒಂದು ಬ್ಯಾಚ್ ಮಾಡಿ, ಎರಡಕ್ಕೂ ಬೇರೆ ಬೇರೆ ಸೀಡ್ ಹುಡುಕಿಕೊಳ್ಳಿ.

ಪೈಥಾನ್‌ನಲ್ಲಿ ಡಿಫ್ಯೂಸರ್ಸ್ ಲೈಬ್ರರಿ ಬಳಸುವವರು ಎಡವುವ ಇನ್ನೊಂದು ಜಾಗ ಇದೆ. ನಾಯ್ಸ್‌ನ ಸಂಖ್ಯೆಗಳನ್ನು ಕೊಡುವ ಜನರೇಟರ್ ಅನ್ನು ಲೂಪ್‌ನ ಹೊರಗೆ ಒಮ್ಮೆ ಮಾಡಿಟ್ಟರೆ, ಮೊದಲ ಫೋಟೊ ಸ್ವಲ್ಪ ಸಂಖ್ಯೆಗಳನ್ನು ಖರ್ಚು ಮಾಡುತ್ತದೆ, ಎರಡನೆಯದು ಅಲ್ಲಿಂದ ಮುಂದಿನವನ್ನು ತೆಗೆದುಕೊಳ್ಳುತ್ತದೆ. ಹೀಗೆ ಮೂವತ್ತಾರಕ್ಕೂ ಮೂವತ್ತಾರು ನಾಯ್ಸ್. ಜನರೇಟರ್ ಲೂಪ್‌ನ ಒಳಗೇ ಹುಟ್ಟಬೇಕು:

```python
for img in photos:
    g = torch.Generator("cpu").manual_seed(1234)
    out = pipe(prompt=p, negative_prompt=n, image=img,
               strength=0.5, guidance_scale=6,
               generator=g).images[0]
```

ಇಲ್ಲಿ `"cpu"` ಅಂತ ಬರೆದಿರುವುದಕ್ಕೂ ಕಾರಣ ಇದೆ. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಹುಟ್ಟುವ ನಾಯ್ಸ್ ಬೇರೆ ಯಂತ್ರದಲ್ಲಿ ಹಾಗೇ ಬರುತ್ತದೆ ಅಂತ ನಂಬುವ ಹಾಗಿಲ್ಲ. ಅರ್ಧ ಫೋಟೊ ಸ್ಟುಡಿಯೊದ ಕಂಪ್ಯೂಟರ್‌ನಲ್ಲಿ, ಅರ್ಧ ಮನೆಯ ಲ್ಯಾಪ್‌ಟಾಪ್‌ನಲ್ಲಿ ಓಡಿಸುವವರು ಇದನ್ನು ನೆನಪಿಡಬೇಕು. ಇನ್ನು ಕೋಡ್ ಬರೆಯದೆ ಬ್ರೌಸರ್‌ನಲ್ಲೇ ಸ್ಟೇಬಲ್ ಡಿಫ್ಯೂಷನ್ ಓಡಿಸುವ ವೆಬ್‌ಯುಐ ಬಳಸುವವರು ಬ್ಯಾಚ್ ಕೌಂಟ್ ಹೆಚ್ಚಿಸಿದರೆ ಪ್ರತಿ ಚಿತ್ರಕ್ಕೂ ಸೀಡ್ ಒಂದೊಂದು ಏರುತ್ತದೆ. ಮಾಡಿದ ಚಿತ್ರದ ಜೊತೆ ಉಳಿಯುವ ಮಾಹಿತಿಯಲ್ಲಿ ಸೀಡ್ ಎಷ್ಟಿದೆ ಅಂತ ಎರಡು ಮೂರು ಚಿತ್ರ ತೆರೆದು ನೋಡಿ, ಆಗ ಗೊತ್ತಾಗುತ್ತದೆ.

ಸೀಡ್ ಲಾಕ್ ಮಾಡುವುದಕ್ಕೆ ಒಂದು ಬೆಲೆಯೂ ಇದೆ. ಅದೇ ನಾಯ್ಸ್ ಪ್ರತಿ ಫೋಟೊದ ಮೇಲೂ ಅದೇ ಜಾಗದಲ್ಲಿ ಬೀಳುವುದರಿಂದ, ಬಯಲು ಇರುವ ಕಡೆ, ಮುಖ್ಯವಾಗಿ ಆಕಾಶದಲ್ಲಿ, ಒಂದೇ ಗುರುತು ಮತ್ತೆ ಮತ್ತೆ ಮೂಡುತ್ತದೆ. ಎಡಗಡೆ ಮೇಲೆ ಒಂದು ಬಳ್ಳಿಯ ಸುರುಳಿ ಬಂದರೆ ಹತ್ತು ಚಿತ್ರಗಳಲ್ಲಿ ಅಲ್ಲೇ ಬರುತ್ತದೆ. ಪಕ್ಕ ಪಕ್ಕ ಇಟ್ಟು ನೋಡಿದರೆ ಕಣ್ಣಿಗೆ ಬೀಳುವುದಿಲ್ಲ. ಒಂದೇ ಕಿಟಕಿಯಲ್ಲಿ ಬಾಣದ ಗುಂಡಿ ಒತ್ತುತ್ತ ಬೇಗ ಬೇಗ ಚಿತ್ರ ಬದಲಿಸಿ ನೋಡಿ, ಕಟ್ಟಡಗಳು ಬದಲಾಗುತ್ತಿದ್ದರೂ ಆ ಸುರುಳಿ ಅಲ್ಲೇ ನಿಂತಿರುತ್ತದೆ. ಗೋಡೆಯ ಕ್ಯಾಲೆಂಡರಿಗೆ ಇದು ನಡೆಯುತ್ತದೆ. ಅದೇ ಚಿತ್ರಗಳನ್ನು ವಿಡಿಯೊ ಮಾಡಿ ತೋರಿಸುವುದಿದ್ದರೆ ನಡೆಯುವುದಿಲ್ಲ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಗೆಳೆಯನ ಬ್ಯಾಚ್‌ನಲ್ಲಿ ಚೌಖಂಡಿಯ ಚಿತ್ರ ಸುಟ್ಟ ಹಾಗೆ ಕಾಣುತ್ತಿತ್ತು, ರಂಗೀನ್ ಮಹಲ್‌ನ ಒಳಕೋಣೆ ಮಾತ್ರ ಚೆನ್ನಾಗಿತ್ತು. ಅವನ CFG Scale 12ರಲ್ಲಿತ್ತು. ಇದೇ ಗೈಡೆನ್ಸ್ ಸ್ಕೇಲ್.

ಇದರ ಲೆಕ್ಕ ನಿಜಕ್ಕೂ ಸರಳ. ಪ್ರತಿ ಸ್ಟೆಪ್‌ನಲ್ಲೂ ಮಾಡೆಲ್ ಎರಡು ಊಹೆ ಮಾಡುತ್ತದೆ. ಒಂದು ನಿಮ್ಮ ಪ್ರಾಂಪ್ಟ್ ಓದಿಕೊಂಡು, ಇನ್ನೊಂದು ಅದನ್ನು ಓದದೆ. ಏನು ಬೇಡ ಅಂತ ಹೇಳುವ ನೆಗೆಟಿವ್ ಪ್ರಾಂಪ್ಟ್ ಕೊಟ್ಟಿದ್ದರೆ ಈ ಎರಡನೆಯ ಊಹೆ ಅದನ್ನು ಓದಿಕೊಂಡು ಆಗುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ಗೈಡೆನ್ಸ್ ಸ್ಕೇಲ್‌ನಿಂದ ಗುಣಿಸಿ ಎರಡನೆಯದಕ್ಕೆ ಕೂಡಿಸುತ್ತದೆ:

```
result = uncond + scale * (cond - uncond)
```

ಸ್ಕೇಲ್ 1 ಆದರೆ ಗುಣಿಸಿದ್ದು ಏನೂ ಇಲ್ಲ, ಪ್ರಾಂಪ್ಟ್ ಓದಿದ ಊಹೆಯೇ ಉಳಿಯುತ್ತದೆ, ನೆಗೆಟಿವ್ ಪ್ರಾಂಪ್ಟ್‌ಗೆ ಕೆಲಸವೇ ಇರುವುದಿಲ್ಲ. ಏಳು ಎಂಟರ ಹತ್ತಿರ ಇಡುವುದು ವಾಡಿಕೆ. ವೆಬ್‌ಯುಐ 7ರಿಂದ ಶುರು ಮಾಡಿಕೊಡುತ್ತದೆ, ಡಿಫ್ಯೂಸರ್ಸ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ 1.5ಕ್ಕೆ 7.5.

ಬ್ಯಾಚ್ ಮಾಡುವವರು ಗಮನಿಸಬೇಕಾದ್ದು ಆ ಗುಣಾಕಾರವನ್ನು. ಪ್ರಾಂಪ್ಟ್ ಓದಿದ ಊಹೆಗೂ ಓದದ ಊಹೆಗೂ ಇರುವ ದೂರ ಎಲ್ಲ ಫೋಟೊಗಳಲ್ಲೂ ಒಂದೇ ಇರುವುದಿಲ್ಲ. ರಂಗೀನ್ ಮಹಲ್‌ನ ಒಳಗಡೆ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಇದೆ, ಅದು ಮೊದಲೇ ಬಿದರಿಯ ಹತ್ತಿರ ಇದೆ. ಚೌಖಂಡಿಯ ಫೋಟೊದಲ್ಲಿ ಮಧ್ಯಾಹ್ನದ ಬಿಳಿ ಬಿಸಿಲು, ಮುಕ್ಕಾಲು ಭಾಗ ಆಕಾಶ. ಅಲ್ಲಿ ಪ್ರಾಂಪ್ಟ್ ಕೇಳುವುದೇ ಒಂದು, ಫೋಟೊ ತೋರಿಸುವುದೇ ಒಂದು. ಸುಮ್ನೆ ತಿಳಿಯಲಿಕ್ಕೆ ಅಂತ ಒಂದು ಲೆಕ್ಕ ಹಿಡಿಯೋಣ. ಮೊದಲ ಫೋಟೊದಲ್ಲಿ ವ್ಯತ್ಯಾಸ 0.04, ಎರಡನೆಯದರಲ್ಲಿ 0.06. ಸ್ಕೇಲ್ 6 ಇದ್ದರೆ ತಳ್ಳುವ ಬಲ 0.24 ಮತ್ತು 0.36, ಅಂತರ 0.12. ಸ್ಕೇಲ್ 12 ಮಾಡಿದರೆ 0.48 ಮತ್ತು 0.72, ಅಂತರ 0.24. ಶೈಲಿ ಗಟ್ಟಿ ಆಗಲಿ ಅಂತ ಸ್ಕೇಲ್ ಏರಿಸಿದಿರಿ, ಅದರ ಜೊತೆಗೆ ಫೋಟೊ ಫೋಟೊಗಳ ನಡುವಿನ ಅಂತರವೂ ಎರಡು ಪಟ್ಟು ಆಯಿತು. ಒಂದೇ ಫೋಟೊ ನೋಡುತ್ತ ಕೂತವರಿಗೆ 12 ಬಹಳ ಚೆನ್ನಾಗಿ ಕಾಣಬಹುದು, ಮೂವತ್ತಾರು ಒಟ್ಟಿಗೆ ಹರಡಿದಾಗ ಅದೇ 12 ಕೈಕೊಡುತ್ತದೆ.

ಸ್ಕೇಲ್ ಜಾಸ್ತಿ ಆಗಿದೆ ಅಂತ ಗುರುತಿಸುವುದು ಹೇಗೆ? ಬೆಳ್ಳಿಯ ಗೆರೆ ಬಿಳಿ ಸುಣ್ಣದ ಹಾಗೆ ಆಗುತ್ತದೆ, ಒಳಗೆ ಬೂದು ಛಾಯೆ ಉಳಿಯುವುದಿಲ್ಲ. ಕಪ್ಪಿನಲ್ಲಿ ಕಲ್ಲಿನ ವಿವರ ಮುಳುಗಿಹೋಗುತ್ತದೆ. ಅಂಚುಗಳ ಸುತ್ತ ನೀಲಿಯೋ ಕೇಸರಿಯೋ ಬೇಡದ ಬಣ್ಣ ಇಣುಕುತ್ತದೆ. ಕಡಿಮೆ ಆಗಿದ್ದರೆ ಉಲ್ಟಾ, ಎಲ್ಲ ಬೂದು ಬೂದು, ಬಿದರಿಗಿಂತ ಮಸುಕಾದ ಕಪ್ಪು ಬಿಳುಪು ಫೋಟೊದ ಹಾಗೆ. ಈ ಕೆಲಸಕ್ಕೆ 5ರಿಂದ 7ರ ಒಳಗೆ ಉಳಿಯುವುದು ನನ್ನ ಸಲಹೆ. ಇದು ಸ್ಟೇಬಲ್ ಡಿಫ್ಯೂಷನ್ 1.5 ಥರದ ಮಾಡೆಲ್‌ಗಳ ಮಾತು. ಕೆಲವೇ ಸ್ಟೆಪ್‌ನಲ್ಲಿ ಮುಗಿಸುವ ಟರ್ಬೊ, ಎಲ್‌ಸಿಎಂ ಮಾಡೆಲ್‌ಗಳಿಗೆ 1ರಿಂದ 2 ಸಾಕು, ಅಲ್ಲಿ 6 ಕೊಟ್ಟರೆ ಚಿತ್ರ ಹಾಳಾಗುತ್ತದೆ.

ಹಾಗಾದರೆ ಶೈಲಿಯನ್ನು ಗಟ್ಟಿ ಮಾಡುವುದು ಹೇಗೆ? ಪ್ರಾಂಪ್ಟ್ ತೂಕದಿಂದ, ಆದರೆ ಎಚ್ಚರದಿಂದ. ಗೆಳೆಯ ಬರೆದಿದ್ದ ಪ್ರಾಂಪ್ಟ್ ಇದು:

```
black metal plate, (silver wire inlay:1.5), (ornate dome:1.3), fine engraving
```

ಕಂಸದೊಳಗಿನ ಸಂಖ್ಯೆ ಆ ಪದಗಳಿಗೆ ಕೊಡುವ ತೂಕ. ಸಂಖ್ಯೆ ಇಲ್ಲದೆ ಬರೀ ಕಂಸ ಹಾಕಿದರೆ ವೆಬ್‌ಯುಐನಲ್ಲಿ 1.1 ಅಂತ ಅರ್ಥ, ಎರಡು ಕಂಸ ಹಾಕಿದರೆ 1.21. ಗೈಡೆನ್ಸ್ ಸ್ಕೇಲ್ ಇಡೀ ಪ್ರಾಂಪ್ಟನ್ನು ತಳ್ಳಿದರೆ, ತೂಕ ಪ್ರಾಂಪ್ಟ್‌ನ ಒಳಗೇ ಯಾವ ಮಾತು ಮೇಲೆ, ಯಾವ ಮಾತು ಕೆಳಗೆ ಅಂತ ಹೇಳುತ್ತದೆ.

ಈ ಪ್ರಾಂಪ್ಟ್‌ನಲ್ಲಿ ದೊಡ್ಡ ತೊಂದರೆ ಇರುವುದು ಗುಮ್ಮಟದ ಮಾತಿನಲ್ಲಿ. ಅಷ್ಟೂರಿನ ಫೋಟೊಗಳಲ್ಲಿ ಗುಮ್ಮಟ ಇದೆ, ಸರಿ. ಕೋಟೆಯ ಗೋಡೆ ಮತ್ತು ಕಂದಕದ ಫೋಟೊಗಳಲ್ಲಿ ಗುಮ್ಮಟ ಎಲ್ಲಿದೆ? ಆದರೆ ಪ್ರಾಂಪ್ಟ್ ಎಲ್ಲದಕ್ಕೂ ಒಂದೇ, ತೂಕ ಬೇರೆ ಹೆಚ್ಚಿಗೆ ಕೊಟ್ಟಿದೆ. ಹಾಗಾಗಿ ಕೋಟೆಗೋಡೆಯ ಹಿಂದಿನ ಮರ ಗುಮ್ಮಟ ಆಯಿತು, ಬುರುಜಿನ ತಲೆ ಉಬ್ಬಿಕೊಂಡಿತು. ಇಡೀ ಬ್ಯಾಚ್‌ಗೆ ಹೋಗುವ ಪ್ರಾಂಪ್ಟ್‌ನಲ್ಲಿ ತೂಕ ಕೊಡಬೇಕಾದ್ದು ಶೈಲಿಯ ಮಾತಿಗೆ ಮಾತ್ರ: ಲೋಹ, ಬೆಳ್ಳಿ ತಂತಿ, ಕೆತ್ತನೆ. ಫೋಟೊದಲ್ಲಿ ಏನಿದೆ ಅನ್ನುವ ಮಾತನ್ನು ಬರೆಯಲೇಬೇಕಿದ್ದರೆ ಫೋಟೊಗೊಂದರಂತೆ ಕೊನೆಯಲ್ಲಿ ಸೇರಿಸಿ, ತೂಕ ಕೊಡದೆ. ಶೈಲಿಯ ಭಾಗ ಮೊದಲು, ಎಲ್ಲದರಲ್ಲೂ ಅಕ್ಷರ ಅಕ್ಷರ ಒಂದೇ ಇರಲಿ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಹೆಚ್ಚು ಜನ ಹೇಳುವುದಿಲ್ಲ. ವೆಬ್‌ಯುಐ ಮಾಮೂಲಿನಂತೆ ಬಳಸುವ ವಿಧಾನದಲ್ಲಿ ಒಂದು ಪದದ ತೂಕ ಏರಿಸಿದ ಮೇಲೆ ಇಡೀ ಪ್ರಾಂಪ್ಟ್‌ನ ಸರಾಸರಿಯನ್ನು ಮತ್ತೆ ಮೊದಲಿದ್ದ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಅಂದರೆ ಒಂದು ಮಾತನ್ನು ಏರಿಸಿದರೆ ಉಳಿದ ಮಾತುಗಳ ಪಾಲಿನಲ್ಲೂ ಏರುಪೇರಾಗುತ್ತದೆ. ಬೆಳ್ಳಿಗೆ 1.5 ಕೊಟ್ಟು ಕಪ್ಪು ನೆಲ ಸೊರಗಿತು ಅಂತ ಕಪ್ಪಿಗೂ 1.5 ಕೊಟ್ಟು, ಆಮೇಲೆ ಕೆತ್ತನೆಗೂ 1.5 ಕೊಟ್ಟರೆ, ಎಲ್ಲವೂ ಏರಿ ಯಾವುದೂ ಏರದ ಹಾಗೆ ಆಗುತ್ತದೆ. ಒಂದೇ ಮಾತಿಗೆ 1.2, ಹೆಚ್ಚೆಂದರೆ 1.3. ಅದರಾಚೆ ಗೆರೆಗಳು ಗಂಟು ಗಂಟಾಗಿ ಚಿತ್ರ ಒಡೆಯಲು ಶುರುವಾಗುತ್ತದೆ, ಸ್ಕೇಲ್ ಕೂಡ ಮೇಲಿದ್ದರೆ ಇನ್ನೂ ಬೇಗ.

ವೆಬ್‌ಯುಐ ಥರದ್ದೇ ಇನ್ನೊಂದು ಸಾಫ್ಟ್‌ವೇರ್ ಕಂಫಿಯುಐ ತೂಕವನ್ನು ಬೇರೆ ರೀತಿ ಲೆಕ್ಕ ಹಾಕುತ್ತದೆ, ಈ ಸರಾಸರಿ ಸರಿಮಾಡುವ ಕೆಲಸ ಅಲ್ಲಿ ಇಲ್ಲ. ಹಾಗಾಗಿ ಇಲ್ಲಿನ 1.3 ಅಲ್ಲಿನ 1.3 ಅಲ್ಲ. ಬರೀ ಡಿಫ್ಯೂಸರ್ಸ್‌ಗೆ ಈ ಬರವಣಿಗೆಯೇ ಗೊತ್ತಿಲ್ಲ, ಕಂಸವನ್ನೂ 1.3 ಅನ್ನೂ ಮಾಮೂಲಿ ಅಕ್ಷರ ಅಂತಲೇ ಓದಿಕೊಳ್ಳುತ್ತದೆ. ತೂಕ ಬೇಕಿದ್ದರೆ `compel` ಥರದ ಲೈಬ್ರರಿ ಜೊತೆಗೆ ಬೇಕು, ಅದರ ಬರವಣಿಗೆಯ ಕ್ರಮವೂ ಬೇರೆ. ಬೇರೆಯವರ ಪ್ರಾಂಪ್ಟ್ ನಕಲು ಮಾಡುವ ಮುಂಚೆ ಅದನ್ನು ಯಾವುದರಲ್ಲಿ ಓಡಿಸಿದ್ದರು ಅಂತ ಕೇಳಿ.

ಮೂರನ್ನೂ ಸರಿ ಮಾಡಿದ ಮೇಲೆ ಉಳಿದಿದ್ದು ಕಪ್ಪು. ಬಿದರಿಯ ಅಂದ ಇರುವುದೇ ಅಲ್ಲಿ. ಸತು, ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣಿನಲ್ಲಿ ನವಸಾಗರ ಕಲಸಿ ಹಚ್ಚಿದರೆ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಕಪ್ಪು ಹನ್ನೆರಡು ಪುಟದಲ್ಲೂ ಒಂದೇ ಇರಬೇಕು. ಆದರೆ ಚೌಖಂಡಿಯ ಆಕಾಶ ಸ್ಕೇಲ್ 6ರಲ್ಲಿ ಬೂದಿ ಬಣ್ಣಕ್ಕೆ ನಿಂತುಬಿಡುತ್ತದೆ. ಈ ಮಾಡೆಲ್‌ಗಳನ್ನು ಕಲಿಸುವಾಗ ಚಿತ್ರವನ್ನು ಪೂರ್ತಿ ನಾಯ್ಸ್ ಆಗುವ ತನಕ ಕೆಡಿಸಿರುವುದಿಲ್ಲ, ಕೊನೆಯ ಹಂತದಲ್ಲೂ ಮೂಲದ ಬೆಳಕಿನ ಸುಳಿವು ಸ್ವಲ್ಪ ಉಳಿದಿರುತ್ತದೆ. ಹಾಗಾಗಿ ಒಟ್ಟು ಬೆಳಕು ಎಷ್ಟು ಅನ್ನುವುದನ್ನು ಮಾಡೆಲ್ ಆ ಸುಳಿವಿನಿಂದಲೇ ಹಿಡಿಯಲು ಕಲಿತಿರುತ್ತದೆ, ತಾನಾಗಿ ಅಚ್ಚ ಕಪ್ಪಿಗೂ ಅಚ್ಚ ಬಿಳಿಗೂ ಹೋಗಲು ಹಿಂಜರಿಯುತ್ತದೆ. ಸ್ಟ್ರೆಂತ್ 0.5 ಇದ್ದಾಗಲಂತೂ ಫೋಟೊದ ಬಿಸಿಲು ನೇರವಾಗಿ ಒಳಗೆ ಬಂದಿರುತ್ತದೆ. ಇದನ್ನು ಸೀಡ್ ಬದಲಿಸಿ, ಸ್ಕೇಲ್ ಏರಿಸಿ, ಕಪ್ಪಿಗೆ ತೂಕ ಕೊಟ್ಟು ಸರಿ ಮಾಡಲು ಹೋದರೆ ಮೇಲೆ ಹೇಳಿದ ಎಲ್ಲ ರಗಳೆ ವಾಪಸ್ ಬರುತ್ತದೆ.

ಪರಿಹಾರ ಬ್ಯಾಚ್‌ಗೆ ಹಾಕುವ ಮುಂಚೆಯೇ ಇದೆ. ಫೋಟೊಗಳನ್ನು ಮೊದಲು ಕಪ್ಪು ಬಿಳುಪು ಮಾಡಿ, ಆಕಾಶವನ್ನು ಆಯ್ದು ಗಾಢ ಮಾಡಿ, ಎಲ್ಲದರ ಬೆಳಕನ್ನೂ ಹತ್ತಿರ ಹತ್ತಿರ ತನ್ನಿ. ಗೆಳೆಯ ಸ್ಟುಡಿಯೊದವನಾದ್ದರಿಂದ ಇದು ಅವನಿಗೆ ದಿನದ ಕೆಲಸ. ಬಿಸಿಲಿನ ಫೋಟೊಗಳ ಆಕಾಶ ಇಳಿಸಿ ಅದೇ ಸೀಡ್, ಸ್ಕೇಲ್ 6, ಬೆಳ್ಳಿಗೆ 1.2, ಸ್ಟ್ರೆಂತ್ 0.5ರಲ್ಲಿ ಓಡಿಸಿದಾಗ ಚೌಖಂಡಿ ರಂಗೀನ್ ಮಹಲ್‌ನ ಪಕ್ಕ ಬಂದು ಕೂತಿತು. ಒಟ್ಟು ಫಲಿತಾಂಶಕ್ಕೆ ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಈ ಒಂದು ಹಂತ ಅಂತ ನಾನು ಖಂಡಿತ ಹೇಳುತ್ತೇನೆ.

ಸೆಟ್ಟಿಂಗ್ ಹುಡುಕಲು ಮೂವತ್ತಾರನ್ನೂ ಓಡಿಸಬೇಡಿ. ಒಂದಕ್ಕೊಂದು ಹೋಲದ ನಾಲ್ಕು ಫೋಟೊ ಆರಿಸಿ: ಬಿಸಿಲಿನದೊಂದು, ಕತ್ತಲ ಕೋಣೆಯದೊಂದು, ಗೆರೆ ತುಂಬಿದ್ದೊಂದು, ಬರೀ ಗೋಡೆಯದೊಂದು. ಸೀಡ್ ಲಾಕ್ ಮಾಡಿ. ಸ್ಕೇಲ್ ಮಾತ್ರ 5, 6, 7 ಮಾಡಿ ಓಡಿಸಿ, ಸಾಲಾಗಿ ಇಟ್ಟು ನೋಡಿ. ಯಾವ ಸಾಲಿನಲ್ಲಿ ನಾಲ್ಕರಲ್ಲಿ ಕೆಟ್ಟದ್ದು ಕೂಡ ಒಪ್ಪುವ ಹಾಗಿದೆಯೋ ಅದನ್ನು ಹಿಡಿಯಿರಿ. ಯಾವುದರಲ್ಲಿ ಒಂದು ಚಿತ್ರ ಅದ್ಭುತವಾಗಿದೆ ಅಂತ ನೋಡಬೇಡಿ. ಆಮೇಲೆ ತೂಕ. ಅದೂ ಕುದುರಿದ ಮೇಲೆ ಸೀಡ್ ಬದಲಿಸಿ ಅದೇ ನಾಲ್ಕನ್ನು ಎರಡು ಮೂರು ಸಲ ಓಡಿಸಿ. ಹೊಸ ಸೀಡ್‌ನಲ್ಲೂ ನಾಲ್ಕೂ ಒಂದೇ ಮನೆಯವರ ಹಾಗೆ ಕಂಡರೆ ಸೆಟ್ಟಿಂಗ್ ಗಟ್ಟಿ ಇದೆ. ಒಂದೇ ಸೀಡ್‌ನಲ್ಲಿ ಮಾತ್ರ ಹೊಂದುತ್ತಿದ್ದರೆ ಅದು ಅದೃಷ್ಟ, ಐದನೇ ಫೋಟೊ ಹಾಕಿದ ತಕ್ಷಣ ಹೋಗುತ್ತದೆ.

ಪೂರ್ತಿ ಬ್ಯಾಚ್ ಮುಗಿದ ಮೇಲೂ ಎರಡು ಮೂರು ಹೊಂದದೆ ಉಳಿಯುತ್ತವೆ. ಅವಕ್ಕೆ ಸ್ಕೇಲ್ ಮುಟ್ಟಬೇಡಿ, ಬೆಳಕಿನ ಏರಿಳಿತದ ಸ್ವಭಾವವೇ ಬದಲಾಗಿಬಿಡುತ್ತದೆ. ಮೂಲ ಫೋಟೊದ ಬೆಳಕನ್ನು ಇನ್ನೊಮ್ಮೆ ತಿದ್ದಿ ನೋಡಿ, ಅದೂ ಸಾಲದಿದ್ದರೆ ಸ್ಟ್ರೆಂತ್ ಅನ್ನು 0.45 ಅಥವಾ 0.55 ಮಾಡಿ.

ಒಂದು ವಿಷಯವನ್ನು ಮಾತ್ರ ಈ ಮೂರರಲ್ಲಿ ಯಾವುದೂ ಸರಿ ಮಾಡುವುದಿಲ್ಲ. ಮಹಮೂದ್ ಗವಾನ್ ಮದರಸಾದ ಮುಂಭಾಗದ ಹೆಂಚುಗಳ ಮೇಲೆ ಕುರಾನಿನ ಸಾಲುಗಳಿವೆ. ಸ್ಟ್ರೆಂತ್ 0.5ರಲ್ಲಿ ಮಾಡೆಲ್ ಅದನ್ನು ಅಕ್ಷರದ ಹಾಗೆ ಕಾಣುವ, ಆದರೆ ಯಾವ ಅರ್ಥವೂ ಇಲ್ಲದ ಗೆರೆ ಮಾಡಿಬಿಡುತ್ತದೆ. ದೂರದಿಂದ ಚೆಂದವೇ ಕಾಣುತ್ತದೆ, ಓದಲು ಬರುವವರಿಗೆ ಅದು ನೋವಿನ ವಿಷಯ. ಅಂಥ ಭಾಗಕ್ಕೆ ಮಾಸ್ಕ್ ಹಾಕಿ ಮಾಡೆಲ್ ಮುಟ್ಟದ ಹಾಗೆ ಮಾಡಿ, ಮೂಲ ಫೋಟೊದ ಆ ತುಂಡನ್ನು ಕಪ್ಪು ಬೆಳ್ಳಿಗೆ ಕೈಯಾರೆ ತಿದ್ದಿ ಕೂರಿಸಬೇಕು. ಗೆಳೆಯ ಮಿನಾರಿನ ಚಿತ್ರಗಳಿಗೆಲ್ಲ ಹಾಗೇ ಮಾಡಿದ.

ಮುಗಿದ ಫೈಲ್‌ಗಳನ್ನು ಪಿಎನ್‌ಜಿ ರೂಪದಲ್ಲೇ ಇಟ್ಟುಕೊಳ್ಳಿ. ವೆಬ್‌ಯುಐ ಸೀಡ್, ಸ್ಕೇಲ್, ಪ್ರಾಂಪ್ಟ್ ಎಲ್ಲವನ್ನೂ ಆ ಫೈಲ್‌ನೊಳಗೇ ಬರೆದಿಡುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದೆ. ಪ್ರೆಸ್‌ನವರು ನಾಳೆ ಒಂದು ಪುಟದ ಫೋಟೊ ಬದಲಿಸಿ ಅಂದರೆ, ಉಳಿದ ಮೂವತ್ತೈದಕ್ಕೆ ಹೊಂದುವ ಹಾಗೆ ಹೊಸದನ್ನು ಮಾಡಲು ಆ ಸಂಖ್ಯೆಗಳೇ ಬೇಕು.